ಮೇಸ್ತ್ರಿ ತಿರುಗಿ ನೋಡಿದ್ದು ಯಾಕೆ

ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಂಡವಳು ಅವಳು. ಹಂಗಿಸಿ ಹೇಳುವ ಮಾತಲ್ಲ, ಅವಳ ಕಸುಬೇ ಅದು. ಪತ್ರಿಕೆಯ ಎರಡನೇ ಮಹಡಿಯಲ್ಲಿ ಕೂತು, ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟದ ಕರಡು ಓದಿ ಕೆಂಪು ಪೆನ್ನಿನಲ್ಲಿ ತಿದ್ದುವುದು. ಆ ಪೆನ್ನಿನ ದೆಸೆಯಿಂದ ಕಚೇರಿಗೆಲ್ಲ ಅವಳು ಕೆಂಪಕ್ಕ. ಸಂಬಳದ ಚೀಟಿಯಲ್ಲಿ ಮಾತ್ರ ಬೇರೆ ಹೆಸರಿತ್ತು. ಅದನ್ನು ಓದುತ್ತಿದ್ದವಳು ಅವಳೊಬ್ಬಳೇ, ಅದೂ ತಿಂಗಳಿಗೊಮ್ಮೆ.

ಕರಡು ವಿಭಾಗದಲ್ಲಿ ಮೊದಲು ಏಳು ಜನರಿದ್ದರು. ಆಮೇಲೆ ಮೂವರಾದರು, ಕೊನೆಗೆ ಉಳಿದವಳು ಕೆಂಪಕ್ಕ. ಕಂಪ್ಯೂಟರೇ ತಿದ್ದಿಕೊಳ್ಳುತ್ತದೆ ಅಂತ ಮೇಲಿನವರಿಗೆ ಯಾರೋ ಹೇಳಿದ್ದರು. ಆ ಮೇಲಿನವರು ತಮ್ಮ ಪತ್ರಿಕೆಯನ್ನು ತಾವು ಓದಿದ್ದರೆ ಹಾಗೆ ನಂಬುತ್ತಿರಲಿಲ್ಲ, ಆದರೆ ಓದುವ ಚಟ ಇದ್ದವರು ಮೇಲೆ ಹೋಗುವುದು ಕಡಿಮೆ. ಅಂತೂ ಒಂದು ಸೋಮವಾರ ಬೆಳಿಗ್ಗೆ ಪುರವಣಿಯ ಸಂಪಾದಕ ಅವಳ ಮೇಜಿನ ಹತ್ತಿರ ಬಂದು ನಿಂತ. ವಯಸ್ಸಿನಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು.

"ಅಕ್ಕಾ, ನೇರವಾಗಿ ಹೇಳಿಬಿಡ್ತೀನಿ. ಈ ಮೇಜು ಇನ್ನು ಇರಲ್ಲ. ನಿಮ್ಮನ್ನ ನೆಲಮಾಳಿಗೆಯ ಹಳೇ ಪತ್ರಿಕೆ ಕೋಣೆಗೆ ಹಾಕ್ತಾರಂತೆ. ನಾನು ನಮ್ಮ ಪುರವಣಿಗೆ ಕೊಡಿ ಅಂತ ಕೇಳಿದೆ. ಬರೆಯೋಕೆ ಬರುತ್ತಾ ಅಂದ್ರು. ಈ ಭಾನುವಾರಕ್ಕೆ ಒಂದು ಲೇಖನ ಬರೀರಿ. ಬಂದ್ರೆ ಮೇಲೆ, ಇಲ್ಲದಿದ್ರೆ ಕೆಳಗೆ. ಗುರುವಾರ ಸಂಜೆ ಆರಕ್ಕೆ ಪುಟ ಹೋಗುತ್ತೆ."

"ಏನು ಬರೀಲಿ?"

"ಒಬ್ಬ ಮನುಷ್ಯನ ಬಗ್ಗೆ. ಮಂತ್ರಿ ಬೇಡ, ಸಿನಿಮಾದವರು ಬೇಡ. ಬೀದಿಯಲ್ಲಿ ಎದುರಾದ್ರೆ ಯಾರೂ ತಿರುಗಿ ನೋಡಬಾರದು, ಅಂಥವರು."

ಅಂಥವರು ಯಾರು ಅಂತ ಕೆಂಪಕ್ಕ ಯೋಚಿಸಿದಳು. ಮೊದಲು ನೆನಪಾದದ್ದು ಅವಳೇ. ನಾಚಿಕೆಯಾಗಿ ಅದನ್ನು ಅಲ್ಲೇ ಬಿಟ್ಟಳು. ಎರಡನೆಯದು, ಸೋದರತ್ತೆಯನ್ನು ಮಂಡಿನೋವಿಗೆ ಕರೆದುಕೊಂಡು ಹೋಗುವ ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸರೇ ಕೋಣೆ ದಾಟಿದ ಮೇಲಿನ ಒಂದು ಕಾರ್ಯಾಗಾರ. ಅಲ್ಲೊಬ್ಬ ಚಪ್ಪಲಿ ಮೇಸ್ತ್ರಿ. ಒಂದು ಕಾಲು ಉದ್ದ, ಒಂದು ಗಿಡ್ಡ ಇರುವವರಿಗೆ, ಪಾದ ಸೊಟ್ಟಗಿರುವವರಿಗೆ, ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶವೇ ಹೋದವರಿಗೆ ಅಳತೆ ತೆಗೆದು ಜೋಡು ಮಾಡಿಕೊಡುತ್ತಾನೆ. ಒಂದೊಂದು ಕಾಲಿಗೂ ಒಂದೊಂದು ಮರದ ಅಚ್ಚು. ಮೂವತ್ತೊಂದು ವರ್ಷದಿಂದ.

ಅವತ್ತೇ ಮಧ್ಯಾಹ್ನ ಹೋದಳು. ಹೋದ ಗಳಿಗೆ ಒಳ್ಳೆಯದಿತ್ತು. ಎಂಟು ವರ್ಷದ ಹುಡುಗಿಯೊಬ್ಬಳು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು, ಪಕ್ಕದಲ್ಲಿ ಅವಳ ಅಮ್ಮ. ಮೇಸ್ತ್ರಿ ಮುಂದೆ ಮಂಡಿಯೂರಿ ಕೂತು, ಎರಡು ಹೆಬ್ಬೆರಳನ್ನು ಹುಡುಗಿಯ ಸೊಂಟದ ಎರಡು ಮೂಳೆಗಳ ಮೇಲಿಟ್ಟು, ತಕ್ಕಡಿ ನೋಡುವವನ ಹಾಗೆ ಕಣ್ಣು ಸಣ್ಣ ಮಾಡಿ ನೋಡುತ್ತಿದ್ದ. ಪಕ್ಕದಲ್ಲಿ ತೆಳ್ಳನೆಯ ಹಲಗೆ ತುಂಡುಗಳ ರಾಶಿ.

"ಎಡಗಾಲು ಎತ್ತಮ್ಮ." ಒಂದು ಹಲಗೆ ಒಳಗೆ ಹೋಯಿತು. "ಇಡು. ಮಂಡಿ ಬಗ್ಗಿಸಬಾರದು, ಮೋಸ ಮಾಡಬಾರದು."

"ನಾನೇನೂ ಮೋಸ ಮಾಡಿಲ್ಲ."

"ಹೋದ ಸಲ ಮಾಡಿದ್ದೆ. ಅರ್ಧ ಸೆಂಟಿಮೀಟರ್ ಕದ್ದಿದ್ದೆ." ಇನ್ನೊಂದು ಹಲಗೆ. ಇನ್ನೊಂದು. ನಾಲ್ಕನೆಯದಕ್ಕೆ ಎರಡು ಹೆಬ್ಬೆರಳೂ ಸಮಕ್ಕೆ ಬಂದವು. ಮೇಸ್ತ್ರಿ ಎದ್ದು ನಿಂತ. "ನಾಲ್ಕು ಸೆಂಟಿಮೀಟರ್. ಒಂದನ್ನ ಒಳಗೆ ಮುಚ್ಚಿಡ್ತೀನಿ, ಮೂರು ಹೊರಗೆ ಅಟ್ಟೆಗೆ. ಬೆಂಡಿನದೇ ಹಾಕ್ತೀನಿ, ಭಾರ ಆಗಲ್ಲ. ಬರೋ ತಿಂಗಳು ಐದಕ್ಕೆ ಬನ್ನಿ ತಾಯಿ."

ಹುಡುಗಿ ಹಲಗೆಗಳ ಮೇಲೆ ನೆಟ್ಟಗೆ ನಿಂತು ಗೋಡೆಯ ಮೇಲಿನ ತನ್ನ ನೆರಳನ್ನು ನೋಡುತ್ತಿದ್ದಳು. ಇಳಿ ಅಂದರೂ ಇಳಿಯಲೊಲ್ಲಳು.

ಸಂಜೆ ಮೇಸ್ತ್ರಿ ಕೋಣೆಯ ದೀಪ ಆರಿಸುವವರೆಗೂ ಕೆಂಪಕ್ಕ ಅಲ್ಲೇ ಕೂತು ಕಂಡಿದ್ದನ್ನೆಲ್ಲ ಬರೆದುಕೊಂಡಳು. ಬಾಗಿಲು ಎಳೆಯುವ ಮುಂಚೆ ಅವನು ತಿರುಗಿ, ಅಚ್ಚುಗಳು ಸಾಲಾಗಿ ಕೂತಿದ್ದ ಕಪಾಟಿನ ಕಡೆ ಒಂದು ಕ್ಷಣ ನೋಡಿದ. ಅದನ್ನೂ ಬರೆದುಕೊಂಡಳು.

ಮಂಗಳವಾರ ಕೊಟ್ಟ ಮೊದಲ ಕರಡನ್ನು ಸಂಪಾದಕ ನಿಂತಲ್ಲೇ ಓದಿದ.

"ಅಕ್ಕಾ, ಹುಡುಗಿ ಹಲಗೆ ಮೇಲೆ ನಿಂತಿರೋದು ಚೆನ್ನಾಗಿದೆ. ಅದರಿಂದಲೇ ಶುರು ಮಾಡಿ. ಆದ್ರೆ ನೀವು ಮೇಸ್ತ್ರಿ ಹುಟ್ಟಿದ ಊರಿಂದ ಶುರು ಮಾಡಿದ್ದೀರಿ, ಇದೇನು ಮದುವೆಗೆ ಹೆಣ್ಣು ನೋಡೋಕೆ ಹೋಗಿದ್ರಾ? ಮೊದಲು ಓದುಗನನ್ನ ಕೈ ಹಿಡಿದು ಆ ಕೋಣೆಗೆ ಕರ್ಕೊಂಡು ಹೋಗಿ, ಏನೂ ವಿವರಿಸಬೇಡಿ. ಎರಡು ಮೂರು ಪ್ಯಾರಾ ಆದಮೇಲೆ ಅವನೇ ಕೇಳ್ತಾನೆ, ನನ್ನನ್ನ ಯಾಕಪ್ಪಾ ಇಲ್ಲಿಗೆ ಕರ್ಕೊಂಡು ಬಂದೆ ಅಂತ. ಆಗ ಉತ್ತರ ಕೊಡಬೇಕು. ಇವನೇ ಯಾಕೆ, ಇವತ್ತೇ ಯಾಕೆ, ಇದರಿಂದ ಇನ್ಯಾರಿಗೇನು. ಒಂದೇ ಪ್ಯಾರಾ. ನಾವು ತಿರುಳು ಪ್ಯಾರಾ ಅಂತೀವಿ. ಅದಿಲ್ಲದಿದ್ರೆ ಎಷ್ಟು ಚೆನ್ನಾಗಿ ಬರೆದ್ರೂ ಬರೀ ಸಿಪ್ಪೆ."

"ಬರೆದಿದೀನಲ್ಲ, ನಾಲ್ಕನೇ ಪ್ಯಾರಾ."

ಅವನು ಗಟ್ಟಿಯಾಗಿ ಓದಿದ. "'ಇಂಥ ನಿಸ್ವಾರ್ಥ ಜೀವಿಗಳು ಸಮಾಜಕ್ಕೆ ದಾರಿದೀಪ.' ಇದು ಸನ್ಮಾನಪತ್ರ ಅಕ್ಕಾ. ಹೋದ ವರ್ಷವೂ ಬರೀಬಹುದಿತ್ತು, ಬರೋ ವರ್ಷವೂ ಬರೀಬಹುದು. ಇವತ್ತೇ ಯಾಕೆ?"

ಕೆಂಪಕ್ಕನ ಮುಖ ಕೆಂಪಾಯಿತು. ಇಂಥ ಲೇಖನಗಳನ್ನು ಸಾವಿರಗಟ್ಟಲೆ ಓದಿದವಳು ಅವಳು. ಪ್ರತಿಯೊಂದರ ಕಾಲ್ಬೆರಳು ಕೈಬೆರಳು ಎಣಿಸಿದ್ದಳು, ಜೀವ ಎಲ್ಲಿರುತ್ತೆ ಅಂತ ಮಾತ್ರ ಒಂದು ದಿನವೂ ನೋಡಿರಲಿಲ್ಲ.

"ಮತ್ತೆ ಕೊನೇಲಿ?" ಅಂದಳು.

"ಕೊನೇಲಿ ಪಾಠ ಹೇಳಬೇಡಿ. ಕಣ್ಣಿಗೆ ಕಾಣೋದು ಏನಾದರೊಂದು ಕೊಟ್ಟು ಹೊರಗೆ ಬಂದುಬಿಡಿ. ಬಾಗಿಲು ಕೂಡ ಹಾಕಬೇಡಿ."

ಮನೆಗೆ ಬಂದು ನಾಲ್ಕನೇ ಪ್ಯಾರಾವನ್ನು ಆರು ಸಲ ಬರೆದು ಆರು ಸಲ ಹರಿದಳು. ಸೋದರತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ನೋಡುತ್ತಿದ್ದಳು. "ಏನೇ ಅದು, ಆವಾಗಿಂದ ಹರೀತಾನೇ ಇದೀಯ?"

"ಆ ಮೇಸ್ತ್ರಿ ಬಗ್ಗೆ ಯಾಕೆ ಬರೀಬೇಕು ಅಂತ ಬರೀಬೇಕಂತೆ ಅತ್ತೆ."

"ಗೊತ್ತಿಲ್ಲದೆ ಹೋಗಿ ಅಷ್ಟು ಹೊತ್ತು ಕೂತಿದ್ಯಾ ಅಲ್ಲಿ? ಅವನು ಏನಂದುಕೊಂಡಿರಬೇಕು!"

ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ವರ್ಷಕ್ಕೆ ಎಷ್ಟು ಜನರಿಗೆ ಜೋಡು ಮಾಡಿಕೊಡುತ್ತಾರೆ ಅಂತ ಅಂಕಿ ಬೇಕಿತ್ತು, ಅಷ್ಟೇ. ಅವರು ಒಳ್ಳೆಯ ಉತ್ಸಾಹದಲ್ಲಿದ್ದರು.

"ಬರೀರಿ ಮೇಡಂ, ಬೇಗ ಬರೀರಿ. ಒಂದನೇ ತಾರೀಖಿಂದ ಆ ಕಾರ್ಯಾಗಾರ ಇರಲ್ಲ. ಜಾಗ ಸ್ಕ್ಯಾನಿಂಗ್‌ಗೆ ಹೋಗುತ್ತೆ. ಚಪ್ಪಲಿ ಹೊರಗಿನ ಕಂಪನಿಯಿಂದ ಬರುತ್ತೆ, ರೆಡಿಮೇಡು. ಚಿಕ್ಕದು, ಮಧ್ಯಮ, ದೊಡ್ಡದು, ಮೂರು ಅಳತೆ. ಆದೇಶಕ್ಕೆ ಸಹಿ ಆಗಿದೆ ನೋಡಿ." ಹಾಳೆಯನ್ನೇ ಅವಳ ಕಡೆ ತಿರುಗಿಸಿದರು. ಮೂವತ್ತೊಂದು ವರ್ಷದ ಕೆಲಸವನ್ನು ಒಂದೂವರೆ ಸಾಲಿನಲ್ಲಿ ಮುಗಿಸಿದ್ದರು, ಅದರಲ್ಲೂ ಎರಡು ತಪ್ಪಿದ್ದವು. ಕೆಂಪಕ್ಕ ತನಗೆ ತಿಳಿಯದೆ ಅವನ್ನು ಎಣಿಸಿಬಿಟ್ಟಿದ್ದಳು.

ಆದರೆ ನಿಜ ಹೇಳಬೇಕು. ಆ ಹಾಳೆ ಓದಿದಾಗ ಅವಳಿಗೆ ದುಃಖವಾಗಲಿಲ್ಲ, ಹಾಲು ಕುಡಿದಷ್ಟು ಸಂತೋಷವಾಯಿತು. ಇವತ್ತೇ ಯಾಕೆ ಅನ್ನುವುದಕ್ಕೆ ಉತ್ತರ ಸಿಕ್ಕಿತ್ತು. ಯಾರದೋ ಬದುಕು ಕುಸಿದಾಗ ನಮ್ಮ ಪ್ಯಾರಾ ಎದ್ದು ನಿಲ್ಲುತ್ತದೆ. ಈ ಕಸುಬಿನವರಲ್ಲಿ ಈ ಸಂತೋಷ ಗೊತ್ತಿಲ್ಲ ಅನ್ನುವವರು ಒಂದೋ ಹೊಸಬರು, ಇಲ್ಲ ಸುಳ್ಳುಗಾರರು. ಅವಳು ಹೊಸಬಳು, ಆದರೂ ಮೂರನೇ ದಿನಕ್ಕೇ ಗೊತ್ತಾಗಿಹೋಯಿತು.

ಓಡಿ ಬಂದು ಬರೆದಳು. ಹುಡುಗಿ, ಹಲಗೆ, ಹೆಬ್ಬೆರಳು. ನಾಲ್ಕನೇ ಪ್ಯಾರಾದಲ್ಲಿ ಒಂದನೇ ತಾರೀಖು. ಕೊನೆಯಲ್ಲಿ ದೀಪ ಆರಿಸಿ ಬಾಗಿಲಲ್ಲಿ ನಿಂತ ಮೇಸ್ತ್ರಿ, 'ಮೂವತ್ತೊಂದು ವರ್ಷದ ಒಡನಾಡಿಗಳನ್ನು ಬೀಳ್ಕೊಡುವವನಂತೆ ಅಚ್ಚುಗಳತ್ತ ತಿರುಗಿ ನೋಡಿದ.' ಸಂಪಾದಕ ಓದಿ ಮುಗಿಸಿ, ಎದ್ದು ಹೋಗಿ ಎರಡು ಕಾಫಿ ತಂದ. ಅವನು ಯಾರಿಗೂ ಕಾಫಿ ತಂದವನಲ್ಲ.

"ಇನ್ನೇನೂ ಮುಟ್ಟಬೇಡಿ ಅಕ್ಕಾ. ನೆಲಮಾಳಿಗೆ ಮರೆತುಬಿಡಿ."

ಮುಟ್ಟಬೇಡಿ ಅಂದರೆ ಹೇಗೆ? ಗುರುವಾರ ಬೆಳಿಗ್ಗೆ ಕರಡು ಹಾಳೆ ಕೈಗೆ ಬಂದಾಗ, ಬರೆದವಳು ತಾನೇ ಅನ್ನುವುದು ಮರೆತು ಕೆಂಪು ಪೆನ್ನು ತೆಗೆದಳು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅನುಮಾನವಿರುವ ಸಂಗತಿ ಕಂಡಾಗ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕುವುದು ಅವಳ ರೂಢಿ. ಹಾಕಿದಳು. ಬೀಳ್ಕೊಡುವವನಂತೆ ಅಂತ ಹೇಳಿದವರು ಯಾರು? ಅವನು ತಿರುಗಿ ನೋಡಿದ್ದು ಸೋಮವಾರ. ಆದೇಶ ನಾನು ಕಂಡಿದ್ದು ಬುಧವಾರ. ಅವನಿಗೆ ತಿಳಿದದ್ದು ಯಾವಾಗ?

ಹಾಗೇ ಯೋಚಿಸಿದರೆ, ಬರುವ ತಿಂಗಳು ಐದಕ್ಕೆ ಬನ್ನಿ ಅಂದಿದ್ದನಲ್ಲ ಅವನು. ಇಲ್ಲದ ಕೋಣೆಗೆ ಯಾಕೆ ಕರೆದ?

ಕೆಂಪಕ್ಕ ಪೆನ್ನು ಕೆಳಗಿಟ್ಟಳು. ಆಟೋ ಹಿಡಿದು ಆಸ್ಪತ್ರೆಗೆ ಹೋದಳು. ಮೇಸ್ತ್ರಿ ಬೆಂಡಿನ ತುಂಡೊಂದನ್ನು ಹಿಮ್ಮಡಿಗೆ ದಪ್ಪ, ಬೆರಳಿಗೆ ತೆಳ್ಳಗೆ ಬರುವ ಹಾಗೆ ಕೆತ್ತುತ್ತಿದ್ದ. ಹುಡುಗಿಯದೇ.

"ಬನ್ನಿ ತಾಯಿ, ಬಂತಾ ಪೇಪರ್‌ನಲ್ಲಿ? ನಮ್ಮನೆಯವಳು ದಿನಾ ತರಿಸಿ ನೋಡ್ತಿದಾಳೆ."

"ಭಾನುವಾರ ಬರುತ್ತೆ. ಒಂದೆರಡು ಸಾಲು ಸರಿ ಇದೆಯಾ ಅಂತ ಕೇಳೋಕೆ ಬಂದೆ. ಸೋಮವಾರ ದೀಪ ಆರಿಸಿದ ಮೇಲೆ ಬಾಗಿಲಲ್ಲಿ ನಿಂತು ಅಚ್ಚುಗಳ ಕಡೆ ತಿರುಗಿ ನೋಡಿದ್ರಲ್ಲ. ಆವಾಗ ಮನಸ್ಸಲ್ಲಿ ಏನಿತ್ತು?"

ಮೇಸ್ತ್ರಿ ಉಳಿ ಕೆಳಗಿಟ್ಟು ಪ್ರಾಮಾಣಿಕವಾಗಿ ಯೋಚಿಸಿದ. "ಇಲಿ ತಾಯಿ."

"ಇಲಿನಾ?"

"ಹೂಂ. ಕಪಾಟಿನ ಹಿಂದೆ ಸರಕ್ ಅಂತು. ಹೋದ ತಿಂಗಳು ಒಬ್ಬರ ಚರ್ಮ ತಿಂದುಹಾಕಿತ್ತು ಬಡ್ಡೀಮಗಂದು. ಯಾಕೆ, ಇಲಿ ವಿಷಯ ಹಾಕ್ತೀರಾ? ಹಾಕಿ ಹಾಕಿ. ಮೂರು ಸಲ ಅರ್ಜಿ ಕೊಟ್ಟಿದೀನಿ, ಪೇಪರ್‌ನಲ್ಲಿ ಬಂದ್ರಾದ್ರೂ ಬೋನು ಕೊಡಿಸ್ತಾರೆ."

ಕೆಂಪಕ್ಕ ಸ್ಟೂಲಿನ ಮೇಲೆ ಕೂತಳು. ನಗು ಬಂದು ಅರ್ಧಕ್ಕೇ ನಿಂತಿತು. ಇವನಿಗೆ ಗೊತ್ತಿಲ್ಲ. ಹೆಂಡತಿ ಭಾನುವಾರ ಪತ್ರಿಕೆ ತರಿಸುತ್ತಾಳೆ, ನೆರೆಯವರನ್ನೂ ಕರೆಯುತ್ತಾಳೆ, ಗಟ್ಟಿಯಾಗಿ ಓದುತ್ತಾಳೆ. ನಾಲ್ಕನೇ ಪ್ಯಾರಾಕ್ಕೆ ಬರುತ್ತಾಳೆ.

ಹೇಳಲೋ ಬೇಡವೋ? ಹೇಳುವುದು ತನ್ನ ಕೆಲಸವೇ? ಅದಕ್ಕೆ ಆಸ್ಪತ್ರೆಯವರಿದ್ದಾರೆ. ಆದರೆ ಅವರು ಹೇಳಿಲ್ಲವಲ್ಲ. ಹೇಳಿದರೆ ಲೇಖನ ಕೆಡುತ್ತದೋ, ಹೇಳದಿದ್ದರೆ ತಾನು ಕೆಡುತ್ತೇನೋ, ಒಂದೂ ತೋಚಲಿಲ್ಲ. ಕೊನೆಗೆ ಯೋಚಿಸಿ ಬಂದ ಮಾತಲ್ಲ ಅದು, ಬಾಯಿಂದ ಜಾರಿಬಿಟ್ಟಿತು.

"ಒಂದನೇ ತಾರೀಖಿಂದ ಈ ಕೋಣೆ ಮುಚ್ಚುತ್ತಾರೆ ಮೇಸ್ತ್ರಿ. ನಾನು ಆದೇಶ ನೋಡಿದೆ."

"ಸುಣ್ಣ ಹೊಡೆಸ್ತಾರಾ?"

"ಅಲ್ಲ. ಮುಚ್ಚೇಬಿಡ್ತಾರೆ. ರೆಡಿಮೇಡ್ ತರಿಸ್ತಾರಂತೆ. ಮೂರು ಅಳತೇಲಿ."

ಅವನು ಅವಳ ಮುಖವನ್ನೇ ನೋಡಿದ. ಕೋಪವಲ್ಲ, ಅಳುವಲ್ಲ, ಲೆಕ್ಕ ಹತ್ತದವನ ಮುಖ. "ಮೂರು ಅಳತೆ ಅಂದ್ರೆ... ಎಡಗಾಲಿಗೆ ಮೂರಾ, ಬಲಗಾಲಿಗೆ ಮೂರಾ?"

"ಗೊತ್ತಿಲ್ಲ ಮೇಸ್ತ್ರಿ."

"ಇರೋದೇ ಒಬ್ಬೊಬ್ಬರದು ಒಂದೊಂದು ಥರ. ಇದ್ಯಾವ ಲೆಕ್ಕ?" ಅಂದವನೇ ಮೇಜಿನ ಖಾನೆಯಿಂದ ಉದ್ದನೆಯ ಪುಸ್ತಕ ತೆಗೆದ. ಜೋಡು ಒಯ್ಯಲು ಯಾರು ಯಾವತ್ತು ಬರಬೇಕು ಅಂತ ಬರೆದಿಟ್ಟ ಪುಸ್ತಕ. ಒಂದನೇ ತಾರೀಖಿನ ನಂತರ ಇಪ್ಪತ್ತಮೂರು ಹೆಸರು. ಅವನು ಬೆರಳಿಟ್ಟು ಒಂದೊಂದನ್ನೇ ಓದಿದ, ಹೆಸರು ಬಿಟ್ಟು ಕಾಲನ್ನು ಮಾತ್ರ. "ಇದು ಹುಡುಗಿ, ನಾಲ್ಕು ಸೆಂಟಿಮೀಟರ್. ಇದು ಮೇಷ್ಟ್ರು, ಬಲಗಾಲು ಒಳಕ್ಕೆ ತಿರುಗಿದೆ, ದಿನವೆಲ್ಲ ನಿಂತೇ ಪಾಠ. ಇದು ಅಜ್ಜಿ, ಅಂಗಾಲಿಗೆ ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಒಳಗೆ ಮೆತ್ತಗೆ ಹಾಕಬೇಕು. ಇದು..." ತಲೆಯೆತ್ತಿದ. "ತಾಯಿ, ನಿಮ್ಮ ಹತ್ರ ಫೋನಿದೆಯಾ? ನಂದರಲ್ಲಿ ಕರೆನ್ಸಿ ಇಲ್ಲ."

ಕೊಟ್ಟಳು. ಅವನು ಒಂದೊಂದೇ ಅಂಕಿ ಒತ್ತಿದ.

"ಹಲೋ, ತಾಯೀ, ನಾನು ಚಪ್ಪಲಿ ಮೇಸ್ತ್ರಿ. ಐದಕ್ಕೆ ಬೇಡ, ಈ ಶನಿವಾರಾನೇ ಕರ್ಕೊಂಡು ಬನ್ನಿ ಮಗೂನ. ಯಾಕೆ ಅಂದ್ರೆ... ಸುಮ್ನೆ. ಬೇಗ ಆಗಿಬಿಡ್ತು." ಆಗಿರಲಿಲ್ಲ. ಬೆಂಡು ಇನ್ನೂ ಅರ್ಧ ಕೆತ್ತಿದ ಹಾಗೆ ಅವನ ತೊಡೆಯ ಮೇಲೇ ಇತ್ತು.

ಪುಸ್ತಕದಲ್ಲಿ ಫೋನ್ ನಂಬರಿದ್ದ ಹನ್ನೊಂದು ಜನಕ್ಕೆ ಮಾಡಿದ. ಹನ್ನೊಂದು ಸಲವೂ 'ಸುಮ್ನೆ' ಅಂದ.

ಮಧ್ಯಾಹ್ನ ಮೂರಕ್ಕೆ ಕೆಂಪಕ್ಕ ಎಲ್ಲವನ್ನೂ ಒಪ್ಪಿಸಿದಾಗ ಸಂಪಾದಕ ಕುರ್ಚಿಯಿಂದ ಎದ್ದೇಬಿಟ್ಟ.

"ನೀವೇ ಹೇಳಿಬಿಟ್ರಾ? ಸುದ್ದಿ ಬರೆಯೋರು ಸುದ್ದಿ ಒಳಗೆ ಹೋಗಬಾರದು ಅಕ್ಕಾ."

"ಹೋಗಬಾರದು ಅಂತ ಯಾರೂ ಹೇಳಿರಲಿಲ್ಲ. ದೃಶ್ಯ, ತಿರುಳು, ಕೊನೆ ಚಿತ್ರ, ಇಷ್ಟೇ ಹೇಳಿದ್ದು ನೀವು. ಆ ಕೊನೆ ಚಿತ್ರ ಸುಳ್ಳು. ಅವನು ನೋಡಿದ್ದು ಇಲೀನ."

"ನೋಡಿದ್ದಂತೂ ನಿಜ ತಾನೇ?"

"ನೋಡಿದ್ದು ನಿಜ. 'ಬೀಳ್ಕೊಡುವವನಂತೆ' ನಾನು ಸೇರಿಸಿದ್ದು. ಇನ್ಯಾರಾದ್ರೂ ಹಾಗೆ ಬರೆದಿದ್ರೆ ನಾನು ಅಂಚಲ್ಲಿ ಪ್ರಶ್ನೆ ಹಾಕ್ತಿದ್ದೆ. ನಂದಕ್ಕೆ ಯಾಕೆ ಬಿಡಲಿ?"

ಅವನು ತಲೆ ಕೆರೆದುಕೊಂಡ. ಸೂಪರಿಂಟೆಂಡೆಂಟರು ಹೇಳುವಾಗ ಇದನ್ನು ಬರೀಬೇಡಿ ಅಂದಿದ್ದರಾ ಅಂತ ಕೇಳಿದ. ಇಲ್ಲ, ನೋಟ್‌ಬುಕ್ ಅವರ ಕಣ್ಣೆದುರೇ ತೆರೆದಿತ್ತು, ಬೇಗ ಬರೀರಿ ಅಂದವರೇ ಅವರು ಅಂದಳು. ಹಾಗಾದರೆ ಹಾಕಬಹುದು, ಆದರೆ ಇಪ್ಪತ್ತಮೂರು ಜನರ ಗತಿಯೇನು ಅಂತ ಅವರನ್ನೂ ಕೇಳಿ, ಅವರ ಮಾತೂ ಬರಬೇಕು ಅಂದ. ಕೆಂಪಕ್ಕ ಫೋನು ಮಾಡಿ, ಮೇಸ್ತ್ರಿಗೆ ವಿಷಯ ಗೊತ್ತಾಗಿದೆ ಅಂದಳು.

"ಅವನಿಗೆ ಹೇಳಿದ್ದು ಯಾರು? ಕೊನೇ ದಿನ ಹೇಳೋಣ ಅಂತಿದ್ವಿ, ಕೆಲಸ ಕೆಡಬಾರದು ಅಂತ," ಅಂದರು ಸೂಪರಿಂಟೆಂಡೆಂಟರು.

"ಒಂದು ಕಾಲು ನಾಲ್ಕು ಸೆಂಟಿಮೀಟರ್ ಗಿಡ್ಡ ಇರೋ ಮಗುವಿಗೆ ಮೂರು ಅಳತೇಲಿ ಯಾವುದು ಕೊಡ್ತೀರಿ ಸಾರ್?"

"ಅದನ್ನ ಕಂಪನಿಯವರು ನೋಡ್ಕೋತಾರೆ," ಅಂದರು. ಅದನ್ನು ಹಾಗೇ ಬರೆದುಕೊಂಡಳು, ಒಂದಕ್ಷರ ತಿದ್ದದೆ.

ಐದೂವರೆಗೆ ನಾಲ್ಕನೇ ಪ್ಯಾರಾ ಮತ್ತೆ ಹುಟ್ಟಿತು. ಒಬ್ಬ ಕುಶಲಕರ್ಮಿಯ ಕೊನೆಯ ದಿನಗಳು ಅನ್ನುವ ಹಳೆಯ ರಾಗ ಹೋಯಿತು. 'ಒಂದನೇ ತಾರೀಖಿನ ನಂತರ ಇಪ್ಪತ್ತಮೂರು ಜನ ಈ ಬಾಗಿಲಿಗೆ ಬರಬೇಕಿದೆ. ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಅವರು ಯಾವುದರ ಮೇಲೆ ನಡೆಯುತ್ತಾರೆ ಅನ್ನುವುದಕ್ಕೆ ಆಸ್ಪತ್ರೆಯ ಬಳಿ ಉತ್ತರವಿಲ್ಲ. ಈ ಸುದ್ದಿ ಮೇಸ್ತ್ರಿಗೆ ತಿಳಿದದ್ದು ಆಸ್ಪತ್ರೆಯಿಂದಲ್ಲ, ಈ ಲೇಖನಕ್ಕಾಗಿ ವಿಚಾರಿಸಲು ಹೋದವರಿಂದ.' ಕೊನೆಯಲ್ಲಿ ಅರ್ಧ ಕೆತ್ತಿದ ಬೆಂಡನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಫೋನಿನಲ್ಲಿ, ಬೇಗ ಆಗಿಬಿಡ್ತು ತಾಯಿ ಅನ್ನುತ್ತಿರುವ ಮೇಸ್ತ್ರಿ. 'ಸುಳ್ಳು' ಅಂತ ಅವಳು ಬರೆಯಲಿಲ್ಲ. ಬೆಂಡನ್ನು ಮಾತ್ರ ಬರೆದಳು.

"ಇದು ಮೊದಲಿನದಕ್ಕಿಂತ ಚೆನ್ನಾಗಿದೆಯೋ ಇಲ್ಲವೋ ನನಗೂ ಗೊತ್ತಾಗ್ತಿಲ್ಲ," ಅಂದ ಸಂಪಾದಕ. ಆದರೂ ಪುಟ ಕಟ್ಟುವವನಿಗೆ ಕೂಗಿ ಹೇಳಿದ, "ಜಾಗ ಸಾಲದಿದ್ರೆ ಮಧ್ಯದಲ್ಲಿ ಕತ್ತರಿಸು, ಸುದ್ದಿಗೆ ಮಾಡೋ ಥರ ಕೊನೇ ಪ್ಯಾರಾ ಕತ್ತರಿಸಿದ್ಯೋ ಕೈ ಕತ್ತರಿಸ್ತೀನಿ."

ಭಾನುವಾರ ಲೇಖನ ಬಂತು. ಸೋದರತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಆಮೇಲೆ ಏನಾಯ್ತೇ?" ಅಂದಳು.

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲದೆ ನಿಲ್ಲಿಸಿಬಿಡೋದಾ? ಇದ್ಯಾವ ಸೀಮೆ ಬರವಣಿಗೆ!"

ಸೋಮವಾರ ಅವಳ ಕುರ್ಚಿ ಮೂರನೇ ಮಹಡಿಗೆ ಬಂತು. ಕಿಟಕಿ ಪಕ್ಕ, ಪುರವಣಿಯ ಮೇಜು. ನಾಲ್ಕು ಜನ ಬಂದು ಕೈ ಕುಲುಕಿದರು. ಇದೆಲ್ಲ ತನಗೆ ಸಿಕ್ಕಿದ್ದು ಯಾತಕ್ಕೆ, ಬರೆದದ್ದಕ್ಕೋ, ಬಾಯಿ ಬಿಟ್ಟಿದ್ದಕ್ಕೋ, ಒಬ್ಬ ಮನುಷ್ಯನ ಕೋಣೆ ಹೋದದ್ದಕ್ಕೋ, ತಿಳಿಯದೆ ಕೂತಿದ್ದಳು. ಆಸ್ಪತ್ರೆಯಿಂದ ಹೌದು ಅಂತಲೂ ಇಲ್ಲ ಅಂತಲೂ ಸುದ್ದಿಯಿರಲಿಲ್ಲ. ಸಂಪಾದಕ ಮುಂದಿನ ವಾರ ಯಾರ ಬಗ್ಗೆ ಅಂತ ಕೇಳುತ್ತಿದ್ದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಗುರುತಿಲ್ಲದ ನಂಬರು.

"ಹಲೋ, ಚಪ್ಪಲಿ ಮೇಸ್ತ್ರಿ ಇದಾರಾ?" ಮುದುಕಿಯೊಬ್ಬಳ ದನಿ. "ಮೊನ್ನೆ ಇದೇ ನಂಬರಿಂದ ಫೋನ್ ಬಂದಿತ್ತು, ಶನಿವಾರ ಬನ್ನಿ ಅಂತ. ನಂಗೆ ಬರೋಕಾಗಲಿಲ್ಲ."

"ಅಜ್ಜೀ, ಇದು ಮೇಸ್ತ್ರಿ ನಂಬರಲ್ಲ. ನಾನು ಪತ್ರಿಕೆಯವಳು."

"ಪತ್ರಿಕೆ ಆಮೇಲೆ ಓದ್ತೀನಿ ಮಗಳೇ. ನನ್ನ ಜೋಡು ಯಾವತ್ತಿಗೆ ಕೊಡ್ತೀರಿ ಅಷ್ಟು ಹೇಳು."

ಕೆಂಪಕ್ಕ ಸಂಪಾದಕನ ಮುಖ ನೋಡಿದಳು. ಅವನಿಗೇನು ಗೊತ್ತು. ನೋಟ್‌ಬುಕ್ಕಿನ ಹೊಸ ಹಾಳೆ ತಿರುಗಿಸಿ, ಪೆನ್ನು ತಗೊಂಡು ಕೇಳಿದಳು:

"ಯಾವ ಕಾಲು ಅಜ್ಜೀ, ಎಡದ್ದೋ ಬಲದ್ದೋ?"